ಆಲೂಗಡ್ಡೆಯ ಮೇಲೆ ಹಸಿರು, ಕಣ್ಣಲ್ಲಿ ಮೊಳಕೆ: ಬೇಯಿಸಿ ತಿನ್ನಬಹುದೇ?



ಕಳೆದ ವಾರ ರಾತ್ರಿ ಒಂಬತ್ತೂವರೆಗೆ ನನ್ನ ಮೊಬೈಲಿಗೆ ಒಂದು ಫೋಟೊ ಬಂತು. ಸ್ಟೀಲ್ ತಟ್ಟೆಯಲ್ಲಿ ಆರು ಆಲೂಗಡ್ಡೆ. ಒಂದಕ್ಕೆ ಬೆರಳುದ್ದ ಮೊಳಕೆ, ಇನ್ನೊಂದರ ಮೇಲೆ ಹಸಿರು ಮಚ್ಚೆ. ಕಳಿಸಿದವರು ಪುಣೆಯಲ್ಲೇ ಇರುವ, ನಾನು ಕಾಕು ಎಂದು ಕರೆಯುವ ಹಿರಿಯರು. ಅವರ ಯಜಮಾನರಿಗೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದೆ, ಅವರು ನನ್ನ ಹತ್ತಿರವೇ ತೋರಿಸಿಕೊಳ್ಳುತ್ತಾರೆ. ಫೋಟೊದ ಕೆಳಗೆ ಹೀಗೆ ಬರೆದಿದ್ದರು:

"ಡಾಕ್ಟ್ರೇ, ಮೂರು ವಾರ ಧಾರವಾಡದಾಗ ಇದ್ವಿ. ಬಂದು ನೋಡಿದ್ರ ಬಟಾಟಿ ಹಿಂಗ ಆಗ್ಯಾವ. ನಾಳೆ ಏಕಾದಶಿ. ಮೊಮ್ಮಗಳು ಬಂದಾಳ, ಅಕಿಗೆ ಬಟಾಟಿ ಪಲ್ಯ ಅಂದ್ರ ಜೀವ. ಕುಕ್ಕರಿನ್ಯಾಗ ನಾಕು ಸೀಟಿ ಹೊಡಿಸಿದ್ರ ನಡೀತದಲ್ಲ?"

ಹೃದಯದ ಡಾಕ್ಟರಿಗೆ ಆಲೂಗಡ್ಡೆಯ ಪ್ರಶ್ನೆ ಯಾಕೆ ಎಂದು ನಿಮಗೆ ಅನ್ನಿಸಬಹುದು. ಆದರೆ ಅದನ್ನು ತಿನ್ನುವವರು ಯಾರು ನೋಡಿ. ನಾಲ್ಕು ವರ್ಷದ ಮಗು ಒಂದು, ಉಪವಾಸದ ದಿನ ಆಲೂಗಡ್ಡೆಯಲ್ಲೇ ಹೊಟ್ಟೆ ತುಂಬಿಸಿಕೊಳ್ಳುವ ಅಜ್ಜಿ ಒಬ್ಬರು, ಬಿ.ಪಿ. ಮಾತ್ರೆ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆ ಎರಡೂ ತೆಗೆದುಕೊಳ್ಳುವ ಅಜ್ಜ ಒಬ್ಬರು. ಹಾಗಾಗಿ ನಾನು "ನಡೀತದೆ" ಅಂತಲೂ ಬರೆಯಲಿಲ್ಲ, "ಎಲ್ಲಾ ಎಸೆಯಿರಿ" ಅಂತಲೂ ಬರೆಯಲಿಲ್ಲ. ಆಮೇಲೆ ಏನಾಯಿತು, ಯಾವ ಗಡ್ಡೆ ಉಳಿಯಿತು, ಯಾವುದು ಕಸಕ್ಕೆ ಹೋಯಿತು ಎಂಬುದನ್ನು ಕಾರಣದ ಸಮೇತ ಹೇಳುತ್ತೇನೆ.

*ಹಸಿರು ಬಣ್ಣ ವಿಷವಲ್ಲ, ಆದರೆ ಸುಳಿವು*

ಆಲೂಗಡ್ಡೆ ಬೇರಲ್ಲ. ಅದು ಮಣ್ಣಿನೊಳಗೆ ದಪ್ಪಗಾಗಿ ಬೆಳೆದ ಕಾಂಡ. ಅದರ ಕಣ್ಣುಗಳು ಅಂದರೆ ಮುಂದೆ ಚಿಗುರುವ ಮೊಗ್ಗುಗಳು. ಮಣ್ಣಿನ ಕತ್ತಲಲ್ಲಿ ಇರುವವರೆಗೆ ಅದು ಸುಮ್ಮನೆ ನಿದ್ದೆ ಮಾಡುತ್ತಿರುತ್ತದೆ. ಬೆಳಕು ಬಿದ್ದ ಕೂಡಲೇ ತಾನು ನೆಲದ ಮೇಲೆ ಬಂದಿದ್ದೇನೆ ಎಂದು ತಿಳಿದು, ಎಲೆಗಳಲ್ಲಿ ಇರುವಂಥದೇ ಹಸಿರನ್ನು ತಯಾರಿಸಲು ಶುರು ಮಾಡುತ್ತದೆ. ಈ ಹಸಿರು ಪಾಲಕ್ ಸೊಪ್ಪಿನ ಹಸಿರೇ. ಅದರಿಂದ ಯಾರಿಗೂ ತೊಂದರೆ ಇಲ್ಲ.

ತೊಂದರೆ ಇರುವುದು ಅದರ ಜೊತೆಗೆ ನಡೆಯುವ ಇನ್ನೊಂದು ಕೆಲಸದಲ್ಲಿ. ನೆಲದ ಮೇಲೆ ಬಂದ ಗಡ್ಡೆಯನ್ನು ಹುಳು, ದನ, ಇಲಿ ತಿನ್ನಬಹುದು. ಆದ್ದರಿಂದ ತನ್ನನ್ನೂ ತನ್ನ ಚಿಗುರನ್ನೂ ಕಾಪಾಡಿಕೊಳ್ಳಲು ಗಿಡ ಕಹಿ ವಿಷಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಇವುಗಳಲ್ಲಿ ಮುಖ್ಯವಾದವು ಎರಡು, ಸೊಲನೀನ್ ಮತ್ತು ಚಾಕೊನೀನ್. ಮುಂದೆ ಸುಲಭಕ್ಕೆ ಎರಡನ್ನೂ ಸೇರಿಸಿ ಸೊಲನೀನ್ ಎಂದೇ ಕರೆಯುತ್ತೇನೆ.

ಹಸಿರು ಮತ್ತು ಸೊಲನೀನ್ ಎರಡನ್ನೂ ಎಬ್ಬಿಸುವುದು ಬೆಳಕು. ಆದರೆ ಎರಡೂ ಬೇರೆ ಬೇರೆ ದಾರಿಯಲ್ಲಿ ತಯಾರಾಗುತ್ತವೆ. ಹಾಗಾಗಿ ಹಸಿರನ್ನು ಹೊಗೆಯ ಹಾಗೆ ನೋಡಬೇಕು. ಹೊಗೆ ಕಂಡರೆ ಬೆಂಕಿ ಇರಬಹುದು ಎಂದು ಎಚ್ಚರವಾಗುತ್ತೇವೆ, ಆದರೆ ಹೊಗೆ ನೋಡಿ ಬೆಂಕಿ ಎಷ್ಟಿದೆ ಎಂದು ಅಳೆಯಲು ಆಗುವುದಿಲ್ಲ. ಏಟು ಬಿದ್ದ, ಕತ್ತರಿಸಿದ ಅಥವಾ ಬಹಳ ಹಳೆಯದಾದ ಗಡ್ಡೆಯಲ್ಲಿ ಹಸಿರು ಕಾಣದೆಯೂ ಸೊಲನೀನ್ ಏರಿರಬಹುದು. ಇನ್ನೊಂದು ಮಾತು: ಹಸಿರಾದ ಗಡ್ಡೆಯನ್ನು ಮತ್ತೆ ಕತ್ತಲಲ್ಲಿಟ್ಟರೆ ಬಣ್ಣ ನಿಧಾನವಾಗಿ ಮಾಸಬಹುದು, ಒಳಗೆ ಸೇರಿದ ಸೊಲನೀನ್ ಅದರ ಜೊತೆಗೆ ಹೋಗುವುದಿಲ್ಲ.

*ಅದು ಗಡ್ಡೆಯಲ್ಲಿ ಎಲ್ಲಿರುತ್ತದೆ*

ಯಾವುದನ್ನು ಉಳಿಸಬೇಕು, ಯಾವುದನ್ನು ಎಸೆಯಬೇಕು ಎಂಬ ನಿರ್ಧಾರವೆಲ್ಲ ಈ ಒಂದು ವಿಷಯದ ಮೇಲೆ ನಿಂತಿದೆ. ಸೊಲನೀನ್ ಗಡ್ಡೆಯ ತುಂಬಾ ಒಂದೇ ಸಮನಾಗಿ ಹರಡಿರುವುದಿಲ್ಲ. ಒಳ್ಳೆಯ ಆಲೂಗಡ್ಡೆಯ ಒಳತಿರುಳಿನಲ್ಲಿ ಅದು ಒಂದು ಕಿಲೋಗೆ ಸುಮಾರು 12ರಿಂದ 50 ಮಿಲಿಗ್ರಾಂ ಮಾತ್ರ. ಅದೇ ಗಡ್ಡೆಯ ಸಿಪ್ಪೆಯನ್ನಷ್ಟೇ ತೆಗೆದುಕೊಂಡರೆ ಕಿಲೋಗೆ 300ರಿಂದ 600 ಮಿಲಿಗ್ರಾಂ. ಮೊಳಕೆಯಲ್ಲಿ 2000ದಿಂದ 4000 ಮಿಲಿಗ್ರಾಂ. ಅಂದರೆ ತಿರುಳು ಸಾಧು, ಸಿಪ್ಪೆ ಸ್ವಲ್ಪ ಖಾರ, ಮೊಳಕೆ ಮಾತ್ರ ಹತ್ತಿರ ಸೇರಿಸಬಾರದ ವಸ್ತು.

ಸಿಪ್ಪೆಯ ಕೆಳಗೂ ಬಹುಪಾಲು ಮೊದಲ ಒಂದೂವರೆ ಮಿಲಿಮೀಟರಿನ ಪದರದಲ್ಲೇ ಇರುತ್ತದೆ. ಕಣ್ಣುಗಳ ಸುತ್ತ ಮತ್ತು ಪೆಟ್ಟಾದ ಜಾಗದಲ್ಲಿ ಮಾತ್ರ ಇನ್ನಷ್ಟು ಒಳಕ್ಕೆ ಇಳಿದಿರುತ್ತದೆ. ಅದಕ್ಕೇ ಚೆನ್ನಾಗಿ ಸಿಪ್ಪೆ ಹೆರೆದರೆ ಒಳ್ಳೆಯ ಗಡ್ಡೆಯ ಸೊಲನೀನ್‌ನಲ್ಲಿ ದೊಡ್ಡ ಪಾಲು ಕಸದ ಬುಟ್ಟಿಗೆ ಹೋಗುತ್ತದೆ. ಆದರೆ ಇಡೀ ಗಡ್ಡೆ ಹಸಿರಾಗಿದ್ದರೆ ತಿರುಳಿನಲ್ಲೂ ಏರಿರುವ ಸಾಧ್ಯತೆ ಇದೆ. ಅಲ್ಲಿ ಪೀಲರ್ ನಮ್ಮನ್ನು ಪೂರ್ತಿ ಕಾಪಾಡುವುದಿಲ್ಲ.

ಚಿಕ್ಕ ಗಡ್ಡೆಗಳ ಬಗ್ಗೆ ಒಂದು ಮಾತು. ಚಿಕ್ಕದಾದಷ್ಟೂ ತಿರುಳು ಕಡಿಮೆ, ಸಿಪ್ಪೆಯ ಪಾಲು ಹೆಚ್ಚು. ದಮ್ ಆಲೂ ಮಾಡುವ ಪುಟ್ಟ ಆಲೂಗಡ್ಡೆಯನ್ನು ನಾವು ಸಿಪ್ಪೆಯ ಸಮೇತ ತಿನ್ನುತ್ತೇವೆ. ದೊಡ್ಡ ಗಡ್ಡೆಯ ಮೇಲಿನ ಒಂದು ಮಚ್ಚೆಯನ್ನು ಕೆತ್ತಿ ತೆಗೆಯಬಹುದು, ಲಿಂಬೆಹಣ್ಣಿನಷ್ಟು ಗಡ್ಡೆ ಹಸಿರಾದರೆ ಕೆತ್ತಿದ ಮೇಲೆ ಉಳಿಯುವುದೇ ಇಲ್ಲ.

*ನಾಲ್ಕು ಸೀಟಿ ಹೊಡೆದರೆ ಹೋಗುತ್ತದೆಯೇ?*

ಇಲ್ಲ. ಕಾಕು ಕೇಳಿದ ಪ್ರಶ್ನೆಯಲ್ಲಿ ಇದೇ ಮುಖ್ಯ. ನಮಗೆಲ್ಲ ಚೆನ್ನಾಗಿ ಕುದಿಸಿದರೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಇದೆ. ಹಾಲು, ನೀರು, ಮಾಂಸದ ವಿಷಯದಲ್ಲಿ ಅದು ಬಹುಮಟ್ಟಿಗೆ ನಿಜ, ಯಾಕೆಂದರೆ ಅಲ್ಲಿ ಕಾಟ ಕೊಡುವುದು ರೋಗಾಣು, ಅದು ಶಾಖಕ್ಕೆ ಸಾಯುತ್ತದೆ. ಸೊಲನೀನ್ ಜೀವವಿರುವ ವಸ್ತು ಅಲ್ಲ, ರಾಸಾಯನಿಕ. ಅದು ಒಡೆಯಲು 200 ಡಿಗ್ರಿಗಿಂತ ಎಷ್ಟೋ ಹೆಚ್ಚು ಶಾಖ ಬೇಕು.

ಪ್ರೆಶರ್ ಕುಕ್ಕರಿನ ಒಳಗೆ ಸುಮಾರು 120 ಡಿಗ್ರಿ ಇರುತ್ತದೆ. ಬೋಂಡಾ ಕರಿಯುವ ಎಣ್ಣೆ 180ರ ಆಸುಪಾಸಿಗೆ ಹೋಗುತ್ತದೆ, ಆದರೆ ಬೋಂಡಾದ ಒಳಗಿನ ಪಲ್ಯ ಒದ್ದೆಯಾಗಿರುವವರೆಗೆ 100 ದಾಟುವುದಿಲ್ಲ. ಹಾಗಾಗಿ ಪಲ್ಯ, ಸಾಗು, ಹುಳಿ, ಬಟಾಟಾ ವಡಾ, ಮೈಕ್ರೋವೇವ್, ಯಾವುದರಿಂದಲೂ ಇದನ್ನು ನಂಬಿಕೆಯಿಂದ ತೆಗೆಯಲು ಆಗುವುದಿಲ್ಲ. ಚಾಕು ಮಾಡುವ ಕೆಲಸವನ್ನು ಒಲೆ ಮಾಡುವುದಿಲ್ಲ.

ಇದರ ಜೊತೆಗೆ ನಮ್ಮ ಅಡುಗೆಮನೆಯ ಒಂದು ರೂಢಿ ಸೇರುತ್ತದೆ. ನಾವು ಸಾಮಾನ್ಯವಾಗಿ ಆಲೂಗಡ್ಡೆಯನ್ನು ಸಿಪ್ಪೆಯ ಸಮೇತ ಬೇಯಿಸಿ ಆಮೇಲೆ ಸುಲಿಯುತ್ತೇವೆ. ಒಳ್ಳೆಯ ಗಡ್ಡೆಗೆ ಇದು ಸರಿಯೇ. ಆದರೆ ಸಂಶಯ ಇರುವ ಗಡ್ಡೆಗೆ ಈ ರೂಢಿ ಆಗದು. ಬೆಂದ ಮೇಲೆ ಎದ್ದು ಬರುವುದು ಕಾಗದದಂಥ ತೆಳು ಸಿಪ್ಪೆ ಮಾತ್ರ, ಅದರ ಕೆಳಗಿನ ಪದರ ಗಡ್ಡೆಗೇ ಅಂಟಿಕೊಂಡು ಉಳಿಯುತ್ತದೆ. ಮೇಲಾಗಿ ಬೆಂದಾಗ ಹಸಿರು ಮಾಸಿ ಮಬ್ಬು ಕಂದಾಗುತ್ತದೆ, ಅರಿಸಿನ ಹಾಕಿದ ಮೇಲಂತೂ ಕಾಣುವುದೇ ಇಲ್ಲ. ಆದ್ದರಿಂದ ನೋಡುವುದು, ಹೆರೆಯುವುದು, ಕೆತ್ತುವುದು ಎಲ್ಲ ಹಸಿ ಇರುವಾಗಲೇ ಆಗಬೇಕು.

*ಎಷ್ಟು ತಿಂದರೆ ತೊಂದರೆ?*

ಪೇಟೆಗೆ ಬರುವ ಆಲೂಗಡ್ಡೆಯಲ್ಲಿ ಕಿಲೋಗೆ 200 ಮಿಲಿಗ್ರಾಂಗಿಂತ ಹೆಚ್ಚು ಸೊಲನೀನ್ ಇರಬಾರದು ಎಂಬುದು ಬಹಳ ಕಾಲದಿಂದ ಒಪ್ಪಿಕೊಂಡು ಬಂದ ಮಿತಿ. ಇನ್ನೊಂದು ಕಡೆ, ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಲಭ್ಯ ವರದಿಗಳನ್ನೆಲ್ಲ ನೋಡಿ, ದೇಹದ ತೂಕದ ಒಂದು ಕಿಲೋಗೆ ಒಂದು ಮಿಲಿಗ್ರಾಂ ಸೇರಿದರೆ ವಾಂತಿ, ಭೇದಿಯಂಥ ತೊಂದರೆ ಶುರುವಾಗಬಹುದು ಎಂದು ಹೇಳಿತು. ಈ ಎರಡು ಅಂಕಿಗಳನ್ನು ಕಾಕು ಮನೆಗೆ ಹಾಕಿ ನೋಡೋಣ.

ಮೊಮ್ಮಗಳ ತೂಕ 15 ಕಿಲೋ ಎಂದುಕೊಳ್ಳಿ. ಅವಳಿಗೆ ತೊಂದರೆಯ ಗೆರೆ 15 ಮಿಲಿಗ್ರಾಂ. ಗಡ್ಡೆಯಲ್ಲಿ ಕಿಲೋಗೆ 200 ಮಿಲಿಗ್ರಾಂ ಇದ್ದರೆ ಕೇವಲ 75 ಗ್ರಾಂ ತಿಂದಾಗ ಆ ಗೆರೆ ಮುಟ್ಟುತ್ತದೆ. ಅದು ಒಂದು ಸಣ್ಣ ಆಲೂಗಡ್ಡೆ ಅಷ್ಟೇ. 60 ಕಿಲೋ ತೂಕದ ಅಜ್ಜಿಗೆ ಅದೇ ಗಡ್ಡೆಯಿಂದ 300 ಗ್ರಾಂ ಬೇಕು. ಮಾಮೂಲು ದಿನದ ಊಟದಲ್ಲಿ ಅಷ್ಟು ಆಗುವುದಿಲ್ಲ. ಆದರೆ ಏಕಾದಶಿಯ ದಿನ ಬೆಳಿಗ್ಗೆ ಸಾಬುದಾಣಿ ಖಿಚಡಿಯಲ್ಲಿ ಆಲೂಗಡ್ಡೆ, ಮಧ್ಯಾಹ್ನ ಉಪವಾಸದ ಪಲ್ಯ, ಸಂಜೆ ಚಿಪ್ಸ್ ಎಂದರೆ 300 ಗ್ರಾಂ ಆಗಲು ಕಷ್ಟವಿಲ್ಲ. ಹೊಟ್ಟೆಯಲ್ಲಿ ಬೇರೆ ಊಟವೂ ಇರುವುದಿಲ್ಲ.

ಈಗ ಇನ್ನೊಂದು ಬದಿ ನೋಡಿ. ಹಸಿರಿಲ್ಲದ ಒಳ್ಳೆಯ ಗಡ್ಡೆಯನ್ನು ಸಿಪ್ಪೆ ಹೆರೆದು ಮಾಡಿದರೆ, ಕಿಲೋಗೆ 50 ಮಿಲಿಗ್ರಾಂ ಎಂದೇ ಇಟ್ಟುಕೊಂಡರೂ ಆ ಮಗು 300 ಗ್ರಾಂ ತಿನ್ನಬೇಕು, ಅಜ್ಜಿ 1200 ಗ್ರಾಂ ತಿನ್ನಬೇಕು. ಹಾಗಾಗಿ ಒಳ್ಳೆಯ ಆಲೂಗಡ್ಡೆಗೆ ಹೆದರಬೇಕಾಗಿಲ್ಲ. "ಹಸಿರು ಆಲೂಗಡ್ಡೆ ತಿಂದರೆ ಹೃದಯ ನಿಂತು ಹೋಗುತ್ತದೆ" ಎಂಬ ಸಂದೇಶವನ್ನು ನೀವೂ ನೋಡಿರಬಹುದು. ಒಂದು ತುಣುಕು ತಿಂದು ಯಾರ ಹೃದಯವೂ ನಿಲ್ಲುವುದಿಲ್ಲ. ಮಾರಣಾಂತಿಕ ಪ್ರಕರಣಗಳು ಹಳೆಯ ವರದಿಗಳಲ್ಲಿ ಇವೆ, ಆದರೆ ಬಹಳ ಅಪರೂಪ. ನಾವು ತಪ್ಪಿಸಬೇಕಾದದ್ದು ವಾಂತಿ, ಭೇದಿ ಮತ್ತು ಅದರ ಹಿಂದೆ ಬರುವ ನಿತ್ರಾಣ.

ಅದು ಹೇಗಿರುತ್ತದೆ ಎಂಬುದಕ್ಕೆ ವೈದ್ಯರೆಲ್ಲ ನೆನೆಯುವ ಪ್ರಸಂಗ ಲಂಡನ್ನಿನ ಒಂದು ಹುಡುಗರ ಶಾಲೆಯದು, 1979ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ರಜೆ ಮುಗಿದು ಶಾಲೆ ತೆರೆದಾಗ ಅಡುಗೆಯವರು ರಜೆಗೆ ಮುಂಚೆ ಉಳಿದಿದ್ದ ಒಂದು ಚೀಲ ಆಲೂಗಡ್ಡೆಯನ್ನು ಬೇಯಿಸಿ ಬಡಿಸಿದ್ದರು. 78 ಹುಡುಗರು ಕಾಯಿಲೆ ಬಿದ್ದರು, 17 ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ತಿಂದ ತಕ್ಷಣ ಏನೂ ಆಗಿರಲಿಲ್ಲ, 7ರಿಂದ 19 ಗಂಟೆಗಳ ನಂತರ ವಾಂತಿ, ಭೇದಿ, ಹೊಟ್ಟೆನೋವು ಶುರುವಾಯಿತು. ಕೆಲವರಿಗೆ ಮಂಪರು, ಗೊಂದಲವೂ ಇತ್ತು. ಕೊನೆಗೆ ಎಲ್ಲರೂ ಗುಣವಾದರು. ಕಾಕು ಮನೆಯಲ್ಲಿ ನಡೆದದ್ದೂ ಇದೇ ಕಥೆ ಅಲ್ಲವೇ? ರಜೆ, ಮುಚ್ಚಿದ ಮನೆ, ಉಳಿದ ಚೀಲ.

*ಫೋಟೊ ನೋಡಿ ಹೇಳಲು ಆಗುತ್ತದೆಯೇ?*

ಮೊದಲ ಫೋಟೊದಲ್ಲಿ ನನಗೆ ಮೂರು ಗಡ್ಡೆ ಕೆಟ್ಟಂತೆಯೂ ಮೂರು ಚೆನ್ನಾಗಿರುವಂತೆಯೂ ಕಂಡವು. ಆದರೆ ಅದನ್ನು ಟ್ಯೂಬ್‌ಲೈಟಿನಲ್ಲಿ ತೆಗೆದಿದ್ದರು, ಗಡ್ಡೆಗಳ ಮೇಲೆ ಮಣ್ಣು ಇತ್ತು, ಒಂದೇ ಬದಿ ಕಾಣುತ್ತಿತ್ತು. ಮೊಬೈಲ್ ಕ್ಯಾಮೆರಾ ಬಣ್ಣವನ್ನು ತನಗೆ ತೋಚಿದಂತೆ ಸರಿಮಾಡುತ್ತದೆ, ತೆಳು ಹಸಿರು ಅದರಲ್ಲಿ ಹಳದಿಯಾಗಿ ಬರುತ್ತದೆ. ಹಾಗಾಗಿ "ಕಾಕು, ಬೆಳಿಗ್ಗೆ ತೊಳೆದು ಒರೆಸಿ, ಕಿಟಕಿಯ ಬೆಳಕಿನಲ್ಲಿ ಎರಡೂ ಬದಿಯ ಫೋಟೊ ಕಳಿಸಿ. ಅಲ್ಲಿವರೆಗೆ ಬೇಯಿಸಬೇಡಿ" ಎಂದು ಬರೆದೆ. ಬೆರಳಿನಿಂದ ಒತ್ತಿ ಯಾವುದು ಮೆತ್ತಗಿದೆ ಎಂದೂ ನೋಡಲು ಹೇಳಿದೆ. ಸಂಶಯ ಬಂದ ಕಡೆ ಉಗುರಿನಿಂದ ಸಿಪ್ಪೆ ಕೆರೆದು ಕೆಳಗಿನ ಬಣ್ಣ ನೋಡಬೇಕು. ಕೆಂಪು ಸಿಪ್ಪೆಯ ಆಲೂಗಡ್ಡೆಯಲ್ಲಂತೂ ಕೆರೆದು ನೋಡದೆ ಹಸಿರು ಕಾಣುವುದೇ ಇಲ್ಲ.

ಬೆಳಿಗ್ಗೆ ಬಂದ ಫೋಟೊ ಬೇರೆಯೇ ಕಥೆ ಹೇಳಿತು. ಒಂದೊಂದಾಗಿ ಹೇಳುತ್ತೇನೆ.

ಒಂದನೆಯದು ಮತ್ತು ಎರಡನೆಯದು ಗಟ್ಟಿ. ಎಲ್ಲೂ ಹಸಿರಿಲ್ಲ. ಒಂದರಲ್ಲಿ ಜೋಳದ ಕಾಳಿನಷ್ಟು ಬಿಳಿ ಮೊಳಕೆ, ಇನ್ನೊಂದರಲ್ಲಿ ಒಂದು ಸೆಂಟಿಮೀಟರಿನ ಮೊಳಕೆ. ಇವುಗಳನ್ನು ಬಳಸಬಹುದು. ಮೊಳಕೆ ಮುರಿದರೆ ಸಾಲದು, ಪೀಲರಿನ ತುದಿಯಿಂದ ಕಣ್ಣನ್ನು ಬುಡಸಮೇತ ತೋಡಿ ತೆಗೆದು, ಸಿಪ್ಪೆ ಹೆರೆದು ಬೇಯಿಸಬೇಕು. ಇದನ್ನು ಮಗುವಿಗೂ ಕೊಡಬಹುದು.

ಮೂರನೆಯದು ಗಟ್ಟಿ, ದೊಡ್ಡದು. ಒಂದು ಕಡೆ ಐದು ರೂಪಾಯಿ ನಾಣ್ಯದಷ್ಟು ಹಸಿರು. ಹಸಿರಿನ ಸುತ್ತ ಒಂದು ಬೆರಳಿನಷ್ಟು ಅಗಲ ಬಿಟ್ಟು, ಒಂದು ಸೆಂಟಿಮೀಟರ್ ಆಳಕ್ಕೆ ಚಾಕುವಿನಿಂದ ಕೆತ್ತಿ ತೆಗೆದು, ಉಳಿದದ್ದನ್ನು ದಪ್ಪವಾಗಿ ಹೆರೆದು ದೊಡ್ಡವರು ತಿನ್ನಬಹುದು. ಮಗುವಿಗೆ ಬೇಡ ಎಂದೆ.

ನಾಲ್ಕನೆಯದು ರಾತ್ರಿಯ ಫೋಟೊದಲ್ಲಿ ಎಲ್ಲಕ್ಕಿಂತ ಚೆಂದ ಕಂಡಿತ್ತು. ತೊಳೆದು ತಿರುಗಿಸಿದರೆ ಹಿಂದಿನ ಅರ್ಧ ಭಾಗ ಪೂರ್ತಿ ತೆಳು ಹಸಿರು. ಕಿಟಕಿಯ ಕಡೆ ಇದ್ದ ಬದಿ ಅದು. ಇದನ್ನು ಎಸೆಯಬೇಕು.

ಐದನೆಯದು ಸುಕ್ಕುಗಟ್ಟಿ, ಒತ್ತಿದರೆ ರಬ್ಬರಿನಂತೆ ಬಗ್ಗುತ್ತಿತ್ತು. ಬೆರಳುದ್ದ ಮೊಳಕೆ ಐದಾರು. ಗಡ್ಡೆಯ ನೀರು, ಹಿಟ್ಟು ಎಲ್ಲ ಮೊಳಕೆಗೆ ಹೋಗಿದೆ, ಅಷ್ಟು ಕಣ್ಣು ತೋಡಿದರೆ ಉಳಿಯುವುದೂ ಕಡಿಮೆ. ಇದನ್ನೂ ಎಸೆಯಬೇಕು. ಜಾಗ ಇದ್ದರೆ ಕುಂಡದಲ್ಲಿ ನೆಡಬಹುದು.

ಆರನೆಯದು ಲಿಂಬೆಹಣ್ಣಿನ ಗಾತ್ರದ್ದು, ಅರ್ಧಕ್ಕಿಂತ ಹೆಚ್ಚು ಹಸಿರು. ಅದೂ ಕಸಕ್ಕೆ.

ಹೀಗೆ ಆರರಲ್ಲಿ ಮೂರು ಹೋದವು. ಎಲ್ಲ ಸೇರಿ ಅರ್ಧ ಕಿಲೋ ಕೂಡ ಇರಲಿಲ್ಲ. ಕಾಕುಗೆ ನಾಲ್ಕನೆಯದನ್ನು ಬಿಡಲು ಮನಸ್ಸೇ ಇರಲಿಲ್ಲ. "ಇಷ್ಟು ಗಟ್ಟಿ ಐತಿ, ಹಂಗ ಒಗಿಯೂದು?" ಎಂದರು. ಗಟ್ಟಿ ಇರುವುದರಿಂದ ಗಡ್ಡೆ ಕೊಳೆತಿಲ್ಲ ಎಂದಷ್ಟೇ ತಿಳಿಯುತ್ತದೆ, ಸೊಲನೀನ್ ಇಲ್ಲ ಎಂದಲ್ಲ.

*ನಾಲಿಗೆಯ ಮಾತು ಕೇಳಿ*

ಇಷ್ಟೆಲ್ಲ ನೋಡಿಯೂ ಒಂದು ಕೆಟ್ಟ ಗಡ್ಡೆ ಪಲ್ಯಕ್ಕೆ ಸೇರಿತು ಎಂದಿಟ್ಟುಕೊಳ್ಳಿ. ಆಗ ನಮಗಿರುವ ಕೊನೆಯ ಕಾವಲುಗಾರ ನಾಲಿಗೆ. ಸೊಲನೀನ್ ಹೆಚ್ಚಿರುವ ಆಲೂಗಡ್ಡೆ ಕಹಿ. ಇನ್ನೂ ಹೆಚ್ಚಾದರೆ ಗಂಟಲಲ್ಲಿ ಉರಿ, ಕೆರೆತ ಬರುತ್ತದೆ. ಬೆಂದ ಆಲೂಗಡ್ಡೆಯ ಒಂದು ಚೂರನ್ನು ಒಗ್ಗರಣೆಗೆ ಹಾಕುವ ಮೊದಲೇ ಬಾಯಿಗೆ ಹಾಕಿ ನೋಡಿ. ಕಹಿ ಅನ್ನಿಸಿದರೆ ಉಗಿದು, ಅದನ್ನು ಬಿಟ್ಟುಬಿಡಿ. ಹಸಿಮೆಣಸು, ಲಿಂಬೆ, ಶೇಂಗಾಪುಡಿ ಹಾಕಿದ ಮೇಲೆ ಆ ಕಹಿ ಮುಚ್ಚಿಹೋಗುತ್ತದೆ.

ಮಗು "ಕಹಿ ಇದೆ" ಎಂದು ತಟ್ಟೆ ತಳ್ಳಿದರೆ ಹಟ ಎಂದು ಗದರಿಸಿ ತಿನ್ನಿಸಬೇಡಿ. ಮೊದಲು ನೀವು ಅದೇ ತಟ್ಟೆಯಿಂದ ಒಂದು ತುತ್ತು ತಿಂದು ನೋಡಿ.

*ತಿಂದಾಗಿದೆ, ಈಗ ಏನು ಮಾಡುವುದು?*

ಸೊಲನೀನ್ ದೇಹದಲ್ಲಿ ಎರಡು ಕೆಲಸ ಮಾಡುತ್ತದೆ. ಕರುಳಿನ ಒಳಪದರದ ಜೀವಕೋಶಗಳ ಪೊರೆಯನ್ನು ಕೆಡಿಸುತ್ತದೆ, ಅದರಿಂದ ವಾಂತಿ, ಭೇದಿ, ನುಲಿತ. ನರಗಳ ಸಂದೇಶವನ್ನು ನಿಲ್ಲಿಸುವ ಒಂದು ಕಿಣ್ವವನ್ನು ತಡೆಯುತ್ತದೆ, ಪ್ರಮಾಣ ಹೆಚ್ಚಾದಾಗ ಅದರಿಂದ ತಲೆನೋವು, ಮಂಪರು, ಗೊಂದಲ. ಸಾಮಾನ್ಯವಾಗಿ ಕೆಲವು ಗಂಟೆಗಳಿಂದ ಒಂದು ದಿನದ ಒಳಗೆ ಶುರುವಾಗುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಹೋದ ನೀರು, ಉಪ್ಪನ್ನು ತುಂಬಿಕೊಡುವುದೇ ಚಿಕಿತ್ಸೆ. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಓ.ಆರ್.ಎಸ್. ಅನ್ನು ಗುಟುಕು ಗುಟುಕಾಗಿ ಕೊಡಿ.

ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಆರು ತಾಸು ಮೂತ್ರ ಆಗದಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಮಗು ಮಂಕಾಗಿ ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಮಾತು ತೊದಲಿದರೆ ಮನೆಯಲ್ಲಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಏನು, ಎಷ್ಟು ಹೊತ್ತಿಗೆ ತಿಂದದ್ದು ಎಂದು ಹೇಳಿ. ಗಡ್ಡೆ ಉಳಿದಿದ್ದರೆ ಒಂದನ್ನು ಜೊತೆಗೆ ಒಯ್ಯಿರಿ.

ಇನ್ನು ಹೃದಯದ ಕಾಯಿಲೆ ಇರುವವರಿಗೆ ನನ್ನದೇ ಎರಡು ಮಾತು.

ಮೊದಲನೆಯದು ಮಾತ್ರೆಗಳ ಬಗ್ಗೆ. ಭೇದಿಯಿಂದ ದೇಹದ ನೀರು ಹೋಗುತ್ತಿರುವಾಗ ಬಿ.ಪಿ. ಮಾತ್ರೆ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆ ಎಂದಿನಂತೆ ನುಂಗಿದರೆ ಬಿ.ಪಿ. ತೀರಾ ಕೆಳಗಿಳಿಯಬಹುದು, ಮೂತ್ರಪಿಂಡಕ್ಕೂ ಪೆಟ್ಟಾಗಬಹುದು. ಭೇದಿಯಲ್ಲಿ ಪೊಟ್ಯಾಶಿಯಂ ಹೋದರೆ ಹೃದಯದ ಬಡಿತವೂ ತಪ್ಪಬಹುದು. ಆದ್ದರಿಂದ ಆ ದಿನದ ಮಾತ್ರೆ ತೆಗೆದುಕೊಳ್ಳುವ ಮೊದಲು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಆದರೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ಹೊಟ್ಟೆ ಸರಿಯಿಲ್ಲ ಎಂದು ತಾವೇ ನಿಲ್ಲಿಸಬಾರದು. ಅದನ್ನು ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಳ್ಳುವ ಅಪಾಯ ಇದೆ.

ಎರಡನೆಯದು ಇನ್ನೂ ಮುಖ್ಯ. ಕೆಲವು ವರ್ಷಗಳ ಹಿಂದೆ ಸಕ್ಕರೆ ಕಾಯಿಲೆ ಇದ್ದ ಒಬ್ಬರು "ನಿನ್ನೆಯ ಬಟಾಟಾ ವಡಾ ಆಗಿಬರಲಿಲ್ಲ" ಎಂದು ರಾತ್ರಿಯೆಲ್ಲ ವಾಂತಿ ಮಾಡಿಕೊಂಡು, ಬೆವತು, ಬೆಳಿಗ್ಗೆ ಹನ್ನೊಂದಕ್ಕೆ ಬಂದರು. ಇ.ಸಿ.ಜಿ. ತೆಗೆದರೆ ಹೃದಯಾಘಾತ. ಎದೆನೋವು ಬಂದೇ ಇರಲಿಲ್ಲ. ವಡಾ ತಿಂದ ಉಳಿದ ಮೂವರು ಮನೆಯಲ್ಲಿ ಆರಾಮಾಗಿದ್ದರು. ಒಂದೇ ಪಲ್ಯ ತಿಂದ ಎಲ್ಲರಿಗೂ ವಾಂತಿ, ಭೇದಿ ಆದರೆ ಊಟದ ಮೇಲೆ ಸಂಶಯ ಪಡಬಹುದು. ಒಬ್ಬರಿಗೆ ಮಾತ್ರ ವಾಂತಿ, ಜೊತೆಗೆ ತಣ್ಣನೆಯ ಬೆವರು, ಉಸಿರು ಭಾರ, ಭೇದಿ ಇಲ್ಲ, ವಯಸ್ಸು ಐವತ್ತರ ಆಚೆ ಅಥವಾ ಸಕ್ಕರೆ ಕಾಯಿಲೆ ಎಂದಾದರೆ ಆಲೂಗಡ್ಡೆಯನ್ನು ದೂರುತ್ತಾ ಕೂರಬೇಡಿ. ಮೊದಲು ಇ.ಸಿ.ಜಿ. ತೆಗೆಸಿ.

*ಮುಂದಿನ ಸಲ ಹಸಿರಾಗದ ಹಾಗೆ*

ಕಾಕು ಆಲೂಗಡ್ಡೆಯನ್ನು ತಂತಿ ಬುಟ್ಟಿಯಲ್ಲಿ ಹಾಕಿ ಡ್ರೈ ಬಾಲ್ಕನಿಯಲ್ಲಿ ಇಟ್ಟಿದ್ದರು. ಗಾಳಿ ಆಡಲಿ ಎಂದು. ಗಾಳಿಯ ಜೊತೆ ಮೂರು ವಾರ ಬೆಳಕೂ ಬಿತ್ತು. ಬಿಸಿಲೇ ಬೀಳಬೇಕೆಂದಿಲ್ಲ, ಅಂಗಡಿಯಲ್ಲಿ ಹಗಲು ರಾತ್ರಿ ಉರಿಯುವ ಟ್ಯೂಬ್‌ಲೈಟ್ ಸಾಕು.

ಆಲೂಗಡ್ಡೆಗೆ ಬೇಕಾದದ್ದು ಕತ್ತಲು, ತಂಪು, ಗಾಳಿ ಮೂರೂ. ಗೋಣಿಚೀಲ, ಬಟ್ಟೆಚೀಲ ಅಥವಾ ತೂತಿರುವ ರಟ್ಟಿನ ಡಬ್ಬಿಯಲ್ಲಿ ಹಾಕಿ, ಒಲೆಯಿಂದ ದೂರದ ಕೆಳಗಿನ ಕಪಾಟಿನಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವತು ಕೊಳೆಯುತ್ತದೆ. ಫ್ರಿಜ್ಜಿನಲ್ಲಿ ಮೊಳಕೆ ಬರುವುದು ನಿಧಾನವಾಗುತ್ತದೆ, ನಿಜ, ಆದರೆ ಅಷ್ಟು ಚಳಿಯಲ್ಲಿ ಹಿಟ್ಟು ಸಕ್ಕರೆಯಾಗಿ ಗಡ್ಡೆ ಸಿಹಿಯಾಗುತ್ತದೆ. ಅದನ್ನು ಕರಿದರೆ ಬೇಗ ಕಪ್ಪಾಗುತ್ತದೆ, ಅಕ್ರಿಲಮೈಡ್ ಎಂಬ ಬೇಡದ ವಸ್ತುವೂ ಹೆಚ್ಚು ಹುಟ್ಟುತ್ತದೆ.

ನಮ್ಮ ಮುಂಬೈ, ಚೆನ್ನೈ, ಹೈದರಾಬಾದಿನ ಫ್ಲ್ಯಾಟುಗಳಲ್ಲಿ ತಂಪಾದ ಮೂಲೆ ಸಿಗುವುದೇ ಕಷ್ಟ. ವರ್ಷದ ಕೊನೆಯ ತಿಂಗಳುಗಳಲ್ಲಿ ಸಿಗುವ ಹಳೆಯ ಆಲೂಗಡ್ಡೆ ಬಹಳಷ್ಟು ಶೀತಲಗೃಹದಿಂದ ಬಂದದ್ದು, ಅದರ ನಿದ್ದೆಯ ಕಾಲ ಮುಗಿದಿರುತ್ತದೆ. ಮನೆಯ ಸೆಕೆಗೆ ಬಂದ ಕೆಲವೇ ದಿನಗಳಲ್ಲಿ ಮೊಳೆಯುತ್ತದೆ. ಆದ್ದರಿಂದ ಐದು ಕಿಲೋ ಅಗ್ಗಕ್ಕೆ ಸಿಕ್ಕಿತೆಂದು ತರುವ ಬದಲು ವಾರಕ್ಕೆ ಬೇಕಾದಷ್ಟೇ ತನ್ನಿ. ಊರಿಗೆ ಹೋಗುವ ಮುಂಚೆ ಉಳಿದದ್ದನ್ನು ಪಕ್ಕದ ಮನೆಯವರಿಗೆ ಕೊಟ್ಟು ಹೋಗಿ.

ನೀವೂ ಇಂಥ ಫೋಟೊ ಕಳಿಸುವುದಾದರೆ ಗಡ್ಡೆ ತೊಳೆದು, ಹಗಲಿನ ಬೆಳಕಿನಲ್ಲಿ, ಎರಡೂ ಬದಿ ತೆಗೆಯಿರಿ. ಒತ್ತಿದರೆ ಗಟ್ಟಿಯೋ ಮೆತ್ತಗೋ, ತಿನ್ನುವವರು ಯಾರು ಎಂಬುದನ್ನೂ ಬರೆಯಿರಿ. ಇಷ್ಟು ನೋಡುವಷ್ಟರಲ್ಲಿ ಹೆಚ್ಚಿನವರಿಗೆ ನನ್ನನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ.

ಅಂದು ಕಾಕು ಮೊದಲ ಎರಡು ಗಡ್ಡೆಯಿಂದ ಮೊಮ್ಮಗಳಿಗೆ ಪಲ್ಯ ಮಾಡಿದರು. ಮೂರನೆಯದನ್ನು ಕೆತ್ತಿ ತಮ್ಮ ಖಿಚಡಿಗೆ ಹಾಕಿಕೊಂಡರು. ಐದನೆಯದು ಈಗ ಅದೇ ಡ್ರೈ ಬಾಲ್ಕನಿಯ ಕುಂಡದಲ್ಲಿದೆ. ಎಲೆ ಬಂದಿದೆಯಂತೆ. ಆ ಎಲೆಯಲ್ಲೂ ಇದೇ ವಿಷ ಇದೆ, ಸೊಪ್ಪೆಂದು ಪಲ್ಯ ಮಾಡಬೇಡಿ ಎಂದು ಅವರಿಗೂ ಹೇಳಿದ್ದೇನೆ, ನಿಮಗೂ ಹೇಳುತ್ತಿದ್ದೇನೆ.

ಮನೆಯಲ್ಲಿ ಅಡುಗೆ ಮಾಡುವವರಿಗೆ ಇದನ್ನು ತಲುಪಿಸಿ.

– ನಿಮ್ಮ ಹೃದ್ರೋಗ ತಜ್ಞ, ಎಂ.ಡಿ., ಪುಣೆ